ಒಂದು ಸಾಲಿನ ತಿದ್ದುಪಡಿ, ಹತ್ತು ಸಾಲಿನ ಕಾರಣ

ಅಕ್ಕ, ತಮ್ಮ ಎರಡು ಫೋನ್ ಹಿಡಿದು ಒಂದು ಕಾರ್ಡ್ ಆಟ ಆಡುತ್ತಿದ್ದಾರೆ ಎಂದಿಟ್ಟುಕೊಳ್ಳಿ. ಸರದಿಯ ಆಟ ಅದು. ಒಬ್ಬರ ಸರದಿ ಮುಗಿಯದೆ ಇನ್ನೊಬ್ಬರು ಕಾರ್ಡ್ ಇಳಿಸುವಂತಿಲ್ಲ. ಅಕ್ಕ ತನ್ನ ಸರದಿ ಮುಗಿಸಿದಳು. ಎರಡೇ ಸೆಕೆಂಡಿನಲ್ಲಿ ಅವಳ ಫೋನಿನ ಮೇಲೆ ‘ನೀವು ಸೋತಿರಿ’ ಎಂದು ಬಂತು. ಪಕ್ಕದಲ್ಲೇ ಕೂತ ತಮ್ಮನ ಫೋನಿನಲ್ಲಿ ಆಟ ಇನ್ನೂ ನಡೆಯುತ್ತಿದೆ, ಅಲ್ಲಿ ಅಕ್ಕನಿಗೆ ಎರಡು ಜೀವ ಬಾಕಿ ಇವೆ. ಆಟ ಒಂದೇ, ಕಾರ್ಡುಗಳೂ ಒಂದೇ, ಫಲಿತಾಂಶ ಮಾತ್ರ ಎರಡು.

ಇಂಥ ದೂರು ಆಟ ಬರೆದವರ ಕೈಗೆ ಬಂದಾಗ ಅವರು ತಮ್ಮ ಕಂಪ್ಯೂಟರಿನಲ್ಲಿ ಅದೇ ಕಾರ್ಡುಗಳನ್ನು ಅದೇ ಕ್ರಮದಲ್ಲಿ ಆಡಿ ನೋಡುತ್ತಾರೆ. ಎಲ್ಲ ಸರಿಯಾಗಿಯೇ ಇರುತ್ತದೆ. ಮತ್ತೆ ಮತ್ತೆ ಆಡಿದರೂ ಸರಿಯಾಗಿಯೇ ಇರುತ್ತದೆ. ಕೊನೆಗೆ ತಪ್ಪು ಸಿಕ್ಕಾಗ ತಿದ್ದಬೇಕಾದದ್ದು ಬಹುತೇಕ ಒಂದೇ ಸಾಲು. ಆ ಸಾಲಿನಲ್ಲಿ ತಪ್ಪಿರಲಿಲ್ಲ, ಅದು ಇರುವ ಜಾಗ ತಪ್ಪಾಗಿತ್ತು. ಈ ಬಗೆಯ ದೋಷಕ್ಕೆ ತಂತ್ರಾಂಶದವರು ರೇಸ್ ಕಂಡೀಶನ್ ಎನ್ನುತ್ತಾರೆ. ಎರಡು ಕೆಲಸಗಳಲ್ಲಿ ಯಾವುದು ಮೊದಲು ಮುಗಿಯುತ್ತದೆ ಎಂಬುದರ ಮೇಲೆ ಫಲಿತಾಂಶ ನಿಂತಿದ್ದು, ಆ ಓಟದ ಮೇಲೆ ಯಾರ ಹಿಡಿತವೂ ಇಲ್ಲದ ಸ್ಥಿತಿ ಅದು. ಅದನ್ನು ಹಿಡಿದು ತಿದ್ದುವುದು ಹೇಗೆ ಎಂಬುದು ಅರ್ಧ ಕಥೆ. ತಿದ್ದಿದ ಮೇಲೆ ಅದರ ಜೊತೆಗೆ ಏನು ಬರೆದಿಡಬೇಕು ಎಂಬುದು ಉಳಿದರ್ಧ. ಎರಡನ್ನೂ ಒಂದು ಚಿಕ್ಕ ಮಾದರಿ ಆಟವನ್ನೇ ಬಿಚ್ಚಿ ನೋಡೋಣ.

ಸರದಿಯ ಆಟದೊಳಗೆ ಇನ್ನೊಂದು ಸರದಿ

ಕಾರ್ಡ್ ಆಟಗಳಲ್ಲಿ ಒಂದು ಕಾರ್ಡ್ ಇಳಿಸಿದರೆ ಒಂದೇ ಘಟನೆ ನಡೆಯುವುದು ಅಪರೂಪ. ಬೆಂಕಿಯ ಕಾರ್ಡ್ ಎದುರಾಳಿಯ ಸೈನಿಕನನ್ನು ಸುಡುತ್ತದೆ. ಅವನು ಸತ್ತರೆ ಅವನ ಕಾರ್ಡಿನಲ್ಲಿ ಬರೆದ ‘ಸಾಯುವಾಗ ಒಂದು ಕಾರ್ಡ್ ಎತ್ತಿಕೊ’ ಎಂಬ ನಿಯಮ ಜಾರಿಗೆ ಬರುತ್ತದೆ. ಹೀಗೆ ಒಂದರಿಂದ ಇನ್ನೊಂದು ಹುಟ್ಟುತ್ತಾ ಹೋಗುವ ಘಟನೆಗಳಿಗೆ ಪರಿಣಾಮಗಳು ಎನ್ನೋಣ.

ಯಾವ ಪರಿಣಾಮ ಮೊದಲು, ಯಾವುದು ಆಮೇಲೆ ಎಂಬ ಪ್ರಶ್ನೆ ಕಂಪ್ಯೂಟರಿಗೂ ಮೊದಲೇ ಹುಟ್ಟಿದ್ದು. ಗಣಿತಜ್ಞ ರಿಚರ್ಡ್ ಗಾರ್‌ಫೀಲ್ಡ್ ರೂಪಿಸಿದ ‘ಮ್ಯಾಜಿಕ್: ದಿ ಗ್ಯಾದರಿಂಗ್’ 1993ರಲ್ಲಿ ಕಾಗದದ ಕಾರ್ಡುಗಳ ಆಟವಾಗಿಯೇ ಬಂತು. ಒಬ್ಬರ ಕಾರ್ಡಿಗೆ ಇನ್ನೊಬ್ಬರು ತಕ್ಷಣ ಉತ್ತರ ಕೊಡಬಹುದಾದ ಆಟವಾದ್ದರಿಂದ ಕ್ರಮದ ಬಗ್ಗೆ ಗೊಂದಲ ತಪ್ಪಿದ್ದಲ್ಲ. 1999ರಲ್ಲಿ ಆರನೆಯ ಆವೃತ್ತಿಯ ನಿಯಮಗಳ ಜೊತೆ ‘ಸ್ಟ್ಯಾಕ್’ ಎಂಬ ಏರ್ಪಾಡು ಬಂತು: ಕೊನೆಗೆ ಬಂದದ್ದು ಮೊದಲು ಜಾರಿಯಾಗುತ್ತದೆ. ಎಷ್ಟೋ ಡಿಜಿಟಲ್ ಆಟಗಳಲ್ಲಿ ಇದಕ್ಕಿಂತ ಸರಳವಾದ ಕ್ಯೂ ಇರುತ್ತದೆ, ಅಂದರೆ ಮೊದಲು ಬಂದದ್ದು ಮೊದಲು ಜಾರಿ. ನಮ್ಮ ಮಾದರಿ ಆಟದಲ್ಲಿರುವುದೂ ಅದೇ.

ಎರಡರಲ್ಲಿ ಯಾವುದನ್ನು ಆರಿಸಿಕೊಂಡರೂ ಒಂದು ಕಟ್ಟುಪಾಡು ಇದೆ. ಒಂದು ಹೊತ್ತಿಗೆ ಒಂದೇ ಪರಿಣಾಮ ಜಾರಿಯಾಗಬೇಕು, ಅದು ಪೂರ್ತಿ ಮುಗಿದ ಮೇಲೆಯೇ ಮುಂದಿನದನ್ನು ಕೈಗೆತ್ತಿಕೊಳ್ಳಬೇಕು. ಅಕ್ಕನ ಸೋಲಿಗೆ ಕಾರಣ ಈ ಕಟ್ಟುಪಾಡು ಮುರಿದದ್ದು.

ಇಲ್ಲಿ ಯಾರಿಗಾದರೂ ಅನುಮಾನ ಬರಬೇಕು. ಇಬ್ಬರು ಸರದಿಯಂತೆ ಆಡುವಾಗ ಎರಡು ಕೆಲಸ ಒಟ್ಟಿಗೆ ನಡೆಯುವ ಮಾತೆಲ್ಲಿಂದ ಬಂತು? ಸರದಿ ಇರುವುದು ಆಡುವವರಿಗೆ. ಫೋನಿನೊಳಗಿನ ಪ್ರೋಗ್ರಾಂ ಅದೇ ಹೊತ್ತಿಗೆ ಸರ್ವರ್‌ನಿಂದ ಸಂದೇಶ ಪಡೆಯುತ್ತಿರುತ್ತದೆ, ಕಾರ್ಡಿನ ಚಿತ್ರ ಇಳಿಸಿಕೊಳ್ಳುತ್ತಿರುತ್ತದೆ, ಬೆಂಕಿ ಹಾರುವ ಅನಿಮೇಷನ್ ತೋರಿಸುತ್ತಿರುತ್ತದೆ. ಇವು ಯಾವುವೂ ಸರದಿಗೆ ಕಾಯುವುದಿಲ್ಲ.

ತಪ್ಪು ಅಡಗಿದ್ದ ಜಾಗ

ನಮ್ಮ ಆಟವನ್ನು ಬ್ರೌಸರ್‌ನಲ್ಲಿ ಓಡುವ ಜಾವಾಸ್ಕ್ರಿಪ್ಟ್‌ನಲ್ಲಿ ಬರೆಯಲಾಗಿದೆ. ಪರಿಣಾಮ ಬಂದಾಗಲೆಲ್ಲ ಅದನ್ನು ಕ್ಯೂಗೆ ಸೇರಿಸಿ `drain` ಎಂಬ ಫಂಕ್ಷನ್ ಕರೆಯುತ್ತಾರೆ. ಕ್ಯೂ ಖಾಲಿಯಾಗುವವರೆಗೆ ಪರಿಣಾಮಗಳನ್ನು ಒಂದೊಂದಾಗಿ ಜಾರಿ ಮಾಡುವುದು ಅದರ ಕೆಲಸ. ಹಳೆಯ ರೂಪ ಹೀಗಿತ್ತು:

```js
async function drain() {
  if (running) return;
  await preload();
  running = true;
  while (queue.length > 0) {
    const effect = queue.shift();
    await playAnimation(effect);
    applyEffect(effect);
  }
  running = false;
}
```

ಕೋಡ್ ಓದಲು ಬಾರದವರಿಗೂ ಇದರ ಆಶಯ ತಿಳಿಯುವಂಥದ್ದೇ. `running` ಎಂಬುದು ‘ಕೆಲಸ ನಡೆಯುತ್ತಿದೆ’ ಎಂಬ ಗುರುತು. ಮೊದಲ ಸಾಲು ‘ಈಗಾಗಲೇ ಯಾರಾದರೂ ಕೆಲಸದಲ್ಲಿದ್ದರೆ ನಾನು ವಾಪಸ್ ಹೋಗುತ್ತೇನೆ’ ಎನ್ನುತ್ತದೆ. ಎರಡನೆಯದು ಕ್ಯೂನಲ್ಲಿರುವ ಕಾರ್ಡುಗಳ ಚಿತ್ರ ಇಳಿಸಿಕೊಳ್ಳುತ್ತದೆ. ಮೂರನೆಯದು ಗುರುತು ಹಾಕುತ್ತದೆ. ಆಮೇಲೆ ಪ್ರತಿ ಪರಿಣಾಮಕ್ಕೂ ಅನಿಮೇಷನ್ ತೋರಿಸಿ, ಅದು ಮುಗಿದ ಮೇಲೆ ಜೀವದ ಲೆಕ್ಕ ಬದಲಿಸುತ್ತದೆ.

ಬರೆದವರಿಗೆ ಅಪಾಯದ ಅರಿವು ಇತ್ತು, ಅದಕ್ಕೇ ಆ ಗುರುತು. ಆದರೆ ಗುರುತು ಇದೆಯೇ ಎಂದು ನೋಡುವುದಕ್ಕೂ ಗುರುತು ಹಾಕುವುದಕ್ಕೂ ನಡುವೆ ಒಂದು `await` ಕೂತಿದೆ. 2017ರಲ್ಲಿ ಜಾವಾಸ್ಕ್ರಿಪ್ಟ್‌ನ ಅಧಿಕೃತ ಮಾನದಂಡಕ್ಕೆ ಸೇರಿದ ಈ ಪದದ ಅರ್ಥ ‘ಇದು ಮುಗಿಯುವವರೆಗೆ ನಾನು ಪಕ್ಕಕ್ಕೆ ನಿಲ್ಲುತ್ತೇನೆ, ಅಷ್ಟರಲ್ಲಿ ಬೇರೆಯವರು ಕೆಲಸ ಮಾಡಿಕೊಳ್ಳಲಿ’ ಎಂದು. ಬಚ್ಚಲುಮನೆ ಖಾಲಿ ಇರುವುದನ್ನು ನೋಡಿ, ಟವೆಲ್ ತರಲು ಕೋಣೆಗೆ ಹೋಗಿ, ಬಂದು ಚಿಲಕ ಹಾಕಿಕೊಳ್ಳುತ್ತೇನೆ ಎಂದಂತೆ. ಟವೆಲ್ ಹುಡುಕುವಷ್ಟರಲ್ಲಿ ಇನ್ನೊಬ್ಬರೂ ಬಾಗಿಲು ನೋಡಿ, ಖಾಲಿ ಎಂದೇ ತಿಳಿಯುತ್ತಾರೆ.

ಜಾವಾಸ್ಕ್ರಿಪ್ಟ್ ಪ್ರೋಗ್ರಾಂನ ಸಾಲುಗಳು ಸಾಮಾನ್ಯವಾಗಿ ಒಂದೇ ಎಳೆಯಲ್ಲಿ ಓಡುತ್ತವೆ, ಎರಡು ಸಾಲು ಒಂದೇ ಕ್ಷಣದಲ್ಲಿ ನಡೆಯುವುದಿಲ್ಲ. ಹಾಗಾಗಿ ಇಲ್ಲಿ ರೇಸ್ ಕಂಡೀಶನ್ ಆಗುವುದೇ ಇಲ್ಲ ಎಂದು ನಂಬಿದವರು ಬಹಳ ಮಂದಿ. ಆ ನಂಬಿಕೆ `await` ಬರುವ ಸಾಲಿನವರೆಗೆ ಮಾತ್ರ ನಿಜ. ಅಲ್ಲಿ ನಿಂತು ಮತ್ತೆ ಹೊರಡುವಾಗ, ನಿಲ್ಲುವ ಮೊದಲು ನೋಡಿದ್ದು ಇನ್ನೂ ಹಾಗೆಯೇ ಇದೆ ಎಂಬ ಖಾತ್ರಿ ಇಲ್ಲ.

ಅಕ್ಕನ ಫೋನಿನಲ್ಲಿ ನಡೆದದ್ದು

ಈಗ ಅಂಕಿಗಳನ್ನು ಹಾಕಿ ನೋಡೋಣ. ಅಕ್ಕನಿಗೆ ಉಳಿದಿದ್ದದ್ದು 3 ಜೀವ. ಅವಳ ಮುಂದೆ ‘ಕಷಾಯ’ ಎಂಬ ಕಾರ್ಡ್ ಇದೆ. ಅವಳ ಸರದಿ ಮುಗಿದಾಗ ಅದು 4 ಜೀವ ಕೊಡುತ್ತದೆ. ತಮ್ಮ ಮೊದಲೇ ‘ನಂಜು’ ಎಂಬ ಕಾರ್ಡ್ ಇಟ್ಟಿದ್ದಾನೆ. ಅವನ ಸರದಿ ಶುರುವಾದ ಕೂಡಲೇ ಅದು ಅಕ್ಕನ 5 ಜೀವ ಕಳೆಯುತ್ತದೆ. ನಿಯಮದ ಪ್ರಕಾರ ಕಷಾಯ ಮೊದಲು, ನಂಜು ಆಮೇಲೆ. ಮೂರಕ್ಕೆ ನಾಲ್ಕು ಸೇರಿ ಏಳು, ಐದು ಕಳೆದರೆ ಎರಡು. ಅಕ್ಕ ಬದುಕುತ್ತಾಳೆ. ಸರ್ವರ್ ಎರಡು ಸಂದೇಶಗಳನ್ನೂ ಇದೇ ಕ್ರಮದಲ್ಲಿ ಎರಡೂ ಫೋನಿಗೆ ಕಳಿಸಿತು. ಜೀವದ ಲೆಕ್ಕವನ್ನು ಆಯಾ ಫೋನೇ ಮಾಡಿಕೊಳ್ಳುತ್ತದೆ.

ಅಕ್ಕನ ಫೋನಿನಲ್ಲಿ ಕಷಾಯದ ಚಿತ್ರ ಹಿಂದೆಂದೂ ಬಂದಿರಲಿಲ್ಲ. ಕಷಾಯದ ಪರಿಣಾಮ ಕ್ಯೂ ಸೇರಿ ಮೊದಲ `drain` ಶುರುವಾಯಿತು, `running` ಇಲ್ಲದ್ದನ್ನು ನೋಡಿತು, ಚಿತ್ರಕ್ಕಾಗಿ ಕಾಯುತ್ತ ನಿಂತಿತು. ನೆಟ್‌ವರ್ಕ್ ನಿಧಾನ, ಚಿತ್ರ ಬರಲು 600 ಮಿಲಿಸೆಕೆಂಡ್ ಬೇಕು. 200ನೇ ಮಿಲಿಸೆಕೆಂಡಿಗೆ ನಂಜಿನ ಸಂದೇಶ ಬಂತು. ಎರಡನೆಯ `drain` ಶುರುವಾಯಿತು. ಗುರುತು ಇನ್ನೂ ಬಿದ್ದಿಲ್ಲವಾದ್ದರಿಂದ ಅದೂ ಒಳಗೆ ಬಂತು, ಅದೇ ಚಿತ್ರಕ್ಕಾಗಿ ಕಾಯತೊಡಗಿತು.

600ಕ್ಕೆ ಚಿತ್ರ ಬಂತು, ಎರಡೂ ಎಚ್ಚರಗೊಂಡವು. ಮೊದಲನೆಯದು ಕಷಾಯವನ್ನು ಎತ್ತಿಕೊಂಡಿತು, ಎರಡನೆಯದು ನಂಜನ್ನು. ಕಷಾಯದ ಅನಿಮೇಷನ್ 900 ಮಿಲಿಸೆಕೆಂಡ್ ಉದ್ದ, ನಂಜಿನದು 400. ಹಾಗಾಗಿ 1000ನೇ ಮಿಲಿಸೆಕೆಂಡಿಗೆ ನಂಜು ಮೊದಲು ಜಾರಿಯಾಯಿತು. ಮೂರರಲ್ಲಿ ಐದು ಕಳೆದರೆ ಸೊನ್ನೆಗಿಂತ ಎರಡು ಕೆಳಗೆ. ಆಟ ಮುಗಿಯಿತು. ಕಷಾಯ ತಲುಪಬೇಕಿದ್ದದ್ದು 1500ಕ್ಕೆ. ಅಷ್ಟು ಹೊತ್ತಿಗೆ ಪರದೆಯ ಮೇಲೆ ಸೋಲಿನ ಫಲಕ ಬಂದಾಗಿತ್ತು.

ಇದರ ಜೊತೆಗೇ ಇನ್ನೊಂದು ಎಡವಟ್ಟೂ ಆಗಿದೆ. ನಂಜನ್ನು ಮುಗಿಸಿದ ಎರಡನೆಯ `drain` ಹೊರಡುವಾಗ `running` ಗುರುತನ್ನು ಅಳಿಸಿಬಿಟ್ಟಿತು. ಮೊದಲನೆಯದು ಇನ್ನೂ ಕೆಲಸದಲ್ಲೇ ಇತ್ತು. ಆ ಅರ್ಧ ಸೆಕೆಂಡಿನಲ್ಲಿ ಮೂರನೆಯ ಪರಿಣಾಮ ಬಂದಿದ್ದರೆ ಅದಕ್ಕೂ ಬಾಗಿಲು ತೆರೆದೇ ಇರುತ್ತಿತ್ತು. ಇಂಥ ದೋಷ ಒಮ್ಮೆ ಶುರುವಾದರೆ ಮುಂದಿನ ಕ್ರಮವೂ ಕೆಡುತ್ತ ಹೋಗುವುದು ಹೀಗೆ.

ತಮ್ಮನ ಫೋನಿನಲ್ಲಿ ಹೀಗಾಗಲಿಲ್ಲ. ಅವನು ಹಿಂದಿನ ಆಟದಲ್ಲಿ ಕಷಾಯವನ್ನು ಬಳಸಿದ್ದ, ಚಿತ್ರ ಫೋನಿನಲ್ಲೇ ಇತ್ತು. ಕೈಯಲ್ಲಿರುವ ಚಿತ್ರಕ್ಕೆ ಕಾಯುವ `await` ಮುಗಿಯುವುದು ಎಷ್ಟು ಬೇಗ ಎಂದರೆ, ಹೊರಗಿನ ಸಂದೇಶವೊಂದನ್ನು ಬ್ರೌಸರ್ ಕೈಗೆತ್ತಿಕೊಳ್ಳುವ ಮೊದಲೇ ಮುಂದಿನ ಸಾಲು ಓಡಿರುತ್ತದೆ. ಬ್ರೌಸರ್‌ನ ಕೆಲಸದ ಕ್ರಮವೇ ಹಾಗಿದೆ: ಸಿದ್ಧವಾಗಿರುವ ಉತ್ತರಗಳನ್ನೆಲ್ಲ ಮುಗಿಸಿದ ಮೇಲೆಯೇ ಅದು ನೆಟ್‌ವರ್ಕ್ ಸಂದೇಶದ ಕಡೆ ತಿರುಗುತ್ತದೆ. ನಂಜು ಬರುವಷ್ಟರಲ್ಲಿ ಗುರುತು ಬಿದ್ದಿತ್ತು. ನಂಜು ಕ್ಯೂನಲ್ಲಿ ತನ್ನ ಪಾಳಿಗೆ ಕಾಯಿತು.

ಆಟ ಬರೆದವರ ಕಂಪ್ಯೂಟರಿನಲ್ಲಿ ದೋಷ ಕಾಣದಿದ್ದದ್ದೂ ಇದೇ ಕಾರಣಕ್ಕೆ. ದಿನವಿಡೀ ಅದೇ ಆಟ ಆಡುವ ಆ ಯಂತ್ರದಲ್ಲಿ ಎಲ್ಲ ಚಿತ್ರಗಳೂ ಇರುತ್ತವೆ. ಆಟವನ್ನು ಮೊದಲ ಬಾರಿ ಆಡುವವರಿಗೆ, ನಿಧಾನದ ನೆಟ್‌ವರ್ಕ್ ಇರುವ ಊರಿನವರಿಗೆ, ಆ ಕಾರ್ಡ್ ಮೊದಲ ಸಲ ಮೇಜಿಗೆ ಬಂದಾಗ ಮಾತ್ರ ದೋಷ ಕಾಣಿಸುತ್ತದೆ. ಅವರು ದೂರು ಕೊಟ್ಟು ಮತ್ತೊಮ್ಮೆ ಆಡಿದರೆ ಅವರಿಗೂ ಕಾಣುವುದಿಲ್ಲ, ಅಷ್ಟರಲ್ಲಿ ಚಿತ್ರ ಇಳಿದಿರುತ್ತದೆ.

ಕಾಣದ್ದನ್ನು ಕಾಣುವಂತೆ ಮಾಡುವುದು

ವೇಗಕ್ಕೆ ಅಂಟಿಕೊಂಡ ದೋಷವನ್ನು ಮತ್ತೆ ತೋರಿಸುವುದೇ ಕಷ್ಟ ಎಂಬುದಕ್ಕೆ ಆಟಗಳ ಹೊರಗೆ ಒಂದು ಘೋರ ಉದಾಹರಣೆ ಇದೆ. ಥೆರಾಕ್-25 ಎಂಬ ವಿಕಿರಣ ಚಿಕಿತ್ಸಾ ಯಂತ್ರದಿಂದ 1985 ಮತ್ತು 1987ರ ನಡುವೆ ಅಮೆರಿಕ, ಕೆನಡಾಗಳಲ್ಲಿ ಆರು ರೋಗಿಗಳಿಗೆ ಮಿತಿ ಮೀರಿದ ವಿಕಿರಣ ತಗುಲಿತು. ಕೆಲವರು ಅದರಿಂದಲೇ ಸತ್ತರು. ಟೆಕ್ಸಾಸ್‌ನ ಟೈಲರ್ ಊರಿನಲ್ಲಿ ಆದ ಅಪಘಾತಗಳ ಹಿಂದೆ ಇದ್ದದ್ದು ರೇಸ್ ಕಂಡೀಶನ್. ಯಂತ್ರದ ಕಾಂತಗಳು ಹೊಂದಿಕೊಳ್ಳಲು ಸುಮಾರು 8 ಸೆಕೆಂಡ್ ಬೇಕಿತ್ತು. ಅಷ್ಟರೊಳಗೆ ನಿರ್ವಾಹಕಿ ಚಿಕಿತ್ಸೆಯ ವಿವರವನ್ನು ತಿದ್ದಿದರೆ ಪರದೆಯ ಮೇಲೆ ಹೊಸದು ಕಾಣುತ್ತಿತ್ತು, ಯಂತ್ರದ ಒಂದು ಭಾಗ ಮಾತ್ರ ಹಳೆಯದನ್ನೇ ಹಿಡಿದಿರುತ್ತಿತ್ತು. ನಿಧಾನವಾಗಿ ಟೈಪ್ ಮಾಡಿ ಪರೀಕ್ಷಿಸಿದವರಿಗೆ ಅದು ಕಾಣಲೇ ಇಲ್ಲ. ಆಸ್ಪತ್ರೆಯ ಭೌತವಿಜ್ಞಾನಿ ಮತ್ತು ನಿರ್ವಾಹಕಿ ಇಬ್ಬರೂ ಕೂತು, ಕೆಲಸ ಪಳಗಿದವರ ವೇಗದಲ್ಲಿ ಮತ್ತೆ ಮತ್ತೆ ಟೈಪ್ ಮಾಡಿದಾಗಲೇ ಅದು ಹೊರಬಿತ್ತು.

ನಮ್ಮ ಆಟದಲ್ಲಿ ಮಾಡಬೇಕಾದದ್ದು ಇದರ ತದ್ವಿರುದ್ಧ, ಅಲ್ಲಿ ವೇಗ ಬೇಕಿತ್ತು, ಇಲ್ಲಿ ನಿಧಾನ ಬೇಕು. ಮೊದಲು ದೋಷದ ಕುರುಹು ಹುಡುಕಬೇಕು. ಕ್ಯೂ ಸೇರುವ ಪ್ರತಿ ಪರಿಣಾಮಕ್ಕೂ ಒಂದು ಕ್ರಮಸಂಖ್ಯೆ ಕೊಟ್ಟು, ಅದು ಕ್ಯೂ ಸೇರಿದಾಗ, ಶುರುವಾದಾಗ, ಜಾರಿಯಾದಾಗ ಮೂರು ಬಾರಿ ಲಾಗ್‌ನಲ್ಲಿ ಬರೆಸುತ್ತಾರೆ. ಸರಿಯಾದ ಲಾಗ್‌ನಲ್ಲಿ 41 ಶುರು, 41 ಜಾರಿ, 42 ಶುರು, 42 ಜಾರಿ ಎಂದಿರುತ್ತದೆ. ಅಕ್ಕನ ಫೋನಿನ ಲಾಗ್‌ನಲ್ಲಿ 41 ಶುರು, 42 ಶುರು, 42 ಜಾರಿ, 41 ಜಾರಿ ಎಂದಿರುತ್ತದೆ. 41 ಮುಗಿಯದೆ 42 ಶುರುವಾಗಿದೆ ಎಂಬ ಒಂದೇ ಸಂಗತಿಯಿಂದ ರೋಗ ಯಾವುದೆಂದು ತಿಳಿಯುತ್ತದೆ. ಆಮೇಲೆ ಚಿತ್ರ ಇಳಿಯುವುದನ್ನು ಬೇಕೆಂದೇ ಎರಡು ಸೆಕೆಂಡ್ ತಡ ಮಾಡಿಸಿದರೆ, ಅಪರೂಪಕ್ಕೆ ಕಾಣುತ್ತಿದ್ದ ದೋಷ ಪ್ರತಿ ಸಲವೂ ಕಾಣಿಸಿಕೊಳ್ಳುತ್ತದೆ.

ತಿದ್ದಿದ್ದು, ತಿದ್ದದೆ ಬಿಟ್ಟದ್ದು

ಇಂಥ ದೋಷ ಕಂಡಾಗ ಕೈ ಮೊದಲು ಹೋಗುವುದು `setTimeout` ಕಡೆಗೆ. ನಂಜನ್ನು ಅರ್ಧ ಸೆಕೆಂಡ್ ತಡವಾಗಿ ಕ್ಯೂಗೆ ಸೇರಿಸಿದರೆ ನಮ್ಮ ಲೆಕ್ಕದಲ್ಲಿ ಸಮಸ್ಯೆ ಹೋಗುತ್ತದೆ. ಆದರೆ ಚಿತ್ರ ಬರಲು ಒಂದು ಸೆಕೆಂಡ್ ಬೇಕಾಗುವ ಫೋನಿನಲ್ಲಿ ಅದು ಹಾಗೆಯೇ ಇರುತ್ತದೆ, ಮೇಲಾಗಿ ಎಲ್ಲರ ಆಟವೂ ನಿಧಾನವಾಗುತ್ತದೆ. ದೋಷ ಇನ್ನಷ್ಟು ಅಪರೂಪವಾಗುತ್ತದೆ ಅಷ್ಟೆ. ಅಪರೂಪವಾದಷ್ಟೂ ಮುಂದೆ ಅದನ್ನು ಹಿಡಿಯುವುದು ಕಷ್ಟ.

ಸರಿಯಾದ ತಿದ್ದುಪಡಿ ಹೀಗಿದೆ:

```js
async function drain() {
  if (running) return;
  running = true;
  try {
    await preload();
    while (queue.length > 0) {
      const effect = queue.shift();
      await playAnimation(effect);
      applyEffect(effect);
    }
  } finally {
    running = false;
  }
}
```

`running = true` ಒಂದು ಸಾಲು ಮೇಲಕ್ಕೆ ಹೋಗಿದೆ. ನೋಡುವುದಕ್ಕೂ ಗುರುತು ಹಾಕುವುದಕ್ಕೂ ನಡುವೆ ಈಗ `await` ಇಲ್ಲ, ಹಾಗಾಗಿ ಇನ್ನೊಬ್ಬರು ನುಗ್ಗಲು ಸಂದಿಯಿಲ್ಲ. ಮುಗಿಯುವ ಕಡೆಯೂ ಇದೇ ಎಚ್ಚರ ಇದೆ. ಕ್ಯೂ ಖಾಲಿ ಎಂದು ನೋಡಿದ್ದಕ್ಕೂ ಗುರುತು ಅಳಿಸಿದ್ದಕ್ಕೂ ನಡುವೆ ಎಲ್ಲೂ ನಿಲ್ಲುವುದಿಲ್ಲವಾದ್ದರಿಂದ, ಆ ಗಳಿಗೆಯಲ್ಲಿ ಬಂದ ಪರಿಣಾಮ ಯಾರ ಕಣ್ಣಿಗೂ ಬೀಳದೆ ಉಳಿಯುವ ಭಯವಿಲ್ಲ.

`try` ಮತ್ತು `finally` ಏಕೆ ಬಂದವು? ಮೊದಲು ಚಿತ್ರ ಇಳಿಯದೆ ಹೋದರೆ ಫಂಕ್ಷನ್ ಅಲ್ಲಿಗೇ ನಿಲ್ಲುತ್ತಿತ್ತು, ಗುರುತು ಇನ್ನೂ ಬಿದ್ದಿರುತ್ತಿರಲಿಲ್ಲ. ಈಗ ಗುರುತು ಮೊದಲೇ ಬೀಳುತ್ತದೆ. ಚಿತ್ರ ಇಳಿಯದೆ ಹೋದರೆ ಗುರುತು ಹಾಗೇ ಉಳಿದು, ಆಮೇಲೆ ಬಂದ ಪ್ರತಿ ಪರಿಣಾಮವೂ ‘ಯಾರೋ ಕೆಲಸದಲ್ಲಿದ್ದಾರೆ’ ಎಂದು ವಾಪಸ್ ಹೋಗುತ್ತದೆ, ಆಟ ಕಲ್ಲಾಗಿ ನಿಲ್ಲುತ್ತದೆ. ಏನೇ ಆದರೂ ಗುರುತು ಅಳಿಯಲಿ ಎಂಬುದಕ್ಕೆ `finally`. ಒಂದು ತಿದ್ದುಪಡಿಯಿಂದಲೇ ಹುಟ್ಟಬಹುದಾದ ಹೊಸ ದೋಷವನ್ನು ಅದೇ ತಿದ್ದುಪಡಿಯಲ್ಲಿ ತಡೆಯಬೇಕು.

ಇಲ್ಲಿ ಇನ್ನೊಂದು ಆಸೆ ಹುಟ್ಟುತ್ತದೆ. ಜೀವದ ಲೆಕ್ಕ ಅನಿಮೇಷನ್ ಮುಗಿಯುವುದಕ್ಕೆ ಏಕೆ ಕಾಯಬೇಕು? ಲೆಕ್ಕ ಮೊದಲು ಮಾಡಿ, ಚಿತ್ರ ಆಮೇಲೆ ತೋರಿಸಿದರೆ ಅನಿಮೇಷನ್ ಉದ್ದಕ್ಕೂ ಆಟದ ಫಲಿತಾಂಶಕ್ಕೂ ಸಂಬಂಧವೇ ಇರುವುದಿಲ್ಲವಲ್ಲ? ಮಾತು ನಿಜ. ಆದರೆ ಅದು ಬೇರೆ ಬದಲಾವಣೆ. ಪರದೆಯ ಮೇಲಿನ ಅಂಕಿ ಯಾವಾಗ ಬದಲಾಗಬೇಕು ಎಂಬಲ್ಲಿಂದ ಹಿಡಿದು ಹತ್ತು ಕಡೆ ಅದರ ಪರಿಣಾಮ ಆಗುತ್ತದೆ. ಎರಡನ್ನೂ ಒಂದೇ ಗಂಟಿನಲ್ಲಿ ಕಟ್ಟಿದರೆ, ನಾಳೆ ಅನಿಮೇಷನ್ ಕೆಟ್ಟಿತು ಎಂದು ಯಾರಾದರೂ ಆ ಗಂಟನ್ನು ವಾಪಸ್ ತೆಗೆದಾಗ ರೇಸ್ ಕಂಡೀಶನ್ ಕೂಡ ಮರಳಿ ಬರುತ್ತದೆ.

ತಿದ್ದುಪಡಿಯ ಜೊತೆ ಒಂದು ಪರೀಕ್ಷೆಯೂ ಹೋಗಬೇಕು. ಪರೀಕ್ಷೆಯಲ್ಲಿ ನಿಜವಾದ ಚಿತ್ರದ ಬದಲು ಹೇಳಿದಾಗ ಮಾತ್ರ ಬರುವ ನಕಲಿ ಚಿತ್ರ ಇಡುತ್ತಾರೆ. ಅದನ್ನು ತಡೆಹಿಡಿದು ಕಷಾಯ, ನಂಜು ಎರಡನ್ನೂ ಕ್ಯೂಗೆ ಹಾಕಿ, ಆಮೇಲೆ ಚಿತ್ರ ಬಿಟ್ಟು, ಕೊನೆಯಲ್ಲಿ ಜೀವ 2 ಇದೆಯೇ ಎಂದು ನೋಡುತ್ತಾರೆ. ಹಳೆಯ ಕೋಡಿನ ಮೇಲೆ ಈ ಪರೀಕ್ಷೆ ಸೋಲಬೇಕು, ಹೊಸದರ ಮೇಲೆ ಗೆಲ್ಲಬೇಕು. ಹಳೆಯದರ ಮೇಲೆ ಸೋಲದ ಪರೀಕ್ಷೆ ಏನನ್ನೂ ಕಾಯುವುದಿಲ್ಲ.

ಕಮಿಟ್ ಮೆಸೇಜ್ ಯಾರಿಗೆ?

ತಂತ್ರಾಂಶದ ಬದಲಾವಣೆಗಳ ದಾಖಲೆ ಇಡಲು ಇಂದು ಹೆಚ್ಚು ಬಳಕೆಯಲ್ಲಿರುವುದು ಗಿಟ್. ಲಿನಕ್ಸ್ ಖ್ಯಾತಿಯ ಲೈನಸ್ ಟೋರ್ವಾಲ್ಡ್ಸ್ 2005ರಲ್ಲಿ ಅದನ್ನು ಬರೆದರು. ಪ್ರತಿ ಬದಲಾವಣೆಯನ್ನೂ ಒಂದು ಕಮಿಟ್ ಆಗಿ ಒಪ್ಪಿಸುವಾಗ ಅದರ ಜೊತೆ ಒಂದು ಟಿಪ್ಪಣಿ ಬರೆಯಬೇಕು. ಅದೇ ಕಮಿಟ್ ಮೆಸೇಜ್. ಮೊದಲು 50 ಅಕ್ಷರ ಮೀರದ ಒಂದು ಸಾರಾಂಶದ ಸಾಲು, ಆಮೇಲೆ ಒಂದು ಖಾಲಿ ಸಾಲು, ಆಮೇಲೆ ವಿವರ ಎಂಬುದು ಗಿಟ್‌ನ ಸ್ವಂತ ಕೈಪಿಡಿಯೇ ಕೊಡುವ ಸಲಹೆ. ಸಾರಾಂಶ ಚಿಕ್ಕದಿರಬೇಕಾದ್ದಕ್ಕೆ ಕಾರಣವಿದೆ. `git log --oneline` ಎಂದು ಕೇಳಿದರೆ ಇತಿಹಾಸದ ಪಟ್ಟಿಯಲ್ಲಿ ಕಾಣುವುದು ಆ ಒಂದು ಸಾಲು ಮಾತ್ರ.

ಬಹುಪಾಲು ಮಂದಿ ಅಲ್ಲಿ ‘ಬಗ್ ಸರಿಪಡಿಸಿದೆ’ ಎಂದು ಬರೆದು ಮುಗಿಸುತ್ತಾರೆ. ಬೇರೆ ಬಗೆಯ ದೋಷಗಳಲ್ಲಿ ಅದರಿಂದ ಅಷ್ಟೇನೂ ನಷ್ಟವಿಲ್ಲ. ಕೂಡುವ ಕಡೆ ಕಳೆದಿದ್ದರೆ ಬದಲಾದ ಸಾಲೇ ಎಲ್ಲವನ್ನೂ ಹೇಳುತ್ತದೆ. ರೇಸ್ ಕಂಡೀಶನ್ ಹಾಗಲ್ಲ. ಇಲ್ಲಿ ಬದಲಾದದ್ದು ಎರಡು ಸಾಲುಗಳ ಹಿಂದುಮುಂದು. ಹಳೆಯ ಕ್ರಮವೂ ನೋಡಲು ಚೆನ್ನಾಗಿಯೇ ಇತ್ತು. ಚಿತ್ರಗಳೆಲ್ಲ ಬಂದ ಮೇಲೆಯೇ ಕೆಲಸ ಶುರು ಎಂದು ಗುರುತು ಹಾಕುವುದು ಸಹಜ ಎಂದು ಯಾರಿಗಾದರೂ ಅನ್ನಿಸಬಹುದು. ಎರಡು ವರ್ಷದ ನಂತರ ಬಂದ ಹೊಸಬರು ಕೋಡನ್ನು ‘ಓರಣ’ ಮಾಡುವ ಉತ್ಸಾಹದಲ್ಲಿ ಅದನ್ನು ಹಿಂದಿನ ಜಾಗಕ್ಕೆ ಇಳಿಸಿದರೆ ಅವರ ಯಂತ್ರದಲ್ಲಿ ಏನೂ ಕೆಡುವುದಿಲ್ಲ. ಅವರು `git blame` ಹಾಕಿ ಆ ಸಾಲು ಯಾವ ಕಮಿಟ್‌ನಿಂದ ಬಂತು ಎಂದು ನೋಡಿದಾಗ ಕಾರಣ ಸಿಗಬೇಕು. ಮೆಸೇಜ್ ಬರೆಯುವುದು ಅವರಿಗಾಗಿ.

ಆ ಮೆಸೇಜ್ ಹೀಗಿರಬಹುದು:

```
ಪರಿಣಾಮಗಳ ಕ್ಯೂ: ಎರಡು drain ಒಟ್ಟಿಗೆ ಓಡದಂತೆ ತಡೆ

running ನೋಡುವುದಕ್ಕೂ ಹಾಕುವುದಕ್ಕೂ ನಡುವೆ await preload()
ಇತ್ತು. ಚಿತ್ರ ತಡವಾಗಿ ಬಂದರೆ ಆ ಬಿಡುವಿನಲ್ಲಿ ಇನ್ನೊಂದು
drain() ಶುರುವಾಗಿ, ಚಿಕ್ಕ ಅನಿಮೇಷನ್‌ನ ಪರಿಣಾಮ ಮೊದಲು
ಜಾರಿಯಾಗುತ್ತಿತ್ತು. ಜೀವ 3, +4, -5: ಬರಬೇಕಾದ್ದು 2,
ಬಂದದ್ದು -2. ಚಿತ್ರ ಮೊದಲೇ ಇದ್ದ ಫೋನಿನಲ್ಲಿ ಕಾಣುವುದಿಲ್ಲ.

ನೋಡಿದ ಕೂಡಲೇ running ಹಾಕಿದೆ; ಇವೆರಡರ ನಡುವೆ await
ಬರಬಾರದು. preload ವಿಫಲವಾದರೂ ಕ್ಯೂ ನಿಲ್ಲದಂತೆ finally.

setTimeout ಬಳಸಿಲ್ಲ: ದೋಷ ಅಪರೂಪವಾಗುತ್ತದೆ, ಹೋಗುವುದಿಲ್ಲ.
ಅನಿಮೇಷನ್ ನಂತರವೇ ಲೆಕ್ಕ ಎಂಬುದನ್ನು ಮುಟ್ಟಿಲ್ಲ.
```

ಇದರಲ್ಲಿ ಇರುವುದು ಐದು ಸಂಗತಿ. ಘಟನೆಗಳು ಯಾವ ಕ್ರಮದಲ್ಲಿ ನಡೆದರೆ ದೋಷ ಆಗುತ್ತದೆ ಎಂಬುದು ಮೊದಲನೆಯದು. ರೇಸ್ ಕಂಡೀಶನ್‌ನಲ್ಲಿ ಇದೇ ಜೀವಾಳ, ಏಕೆಂದರೆ ಕೋಡ್ ಓದಿದರೆ ಸಾಲುಗಳು ಕಾಣುತ್ತವೆಯೇ ಹೊರತು ಅವುಗಳ ನಡುವೆ ನುಗ್ಗಿದ ಇನ್ನೊಂದು ಓಟ ಕಾಣುವುದಿಲ್ಲ. ಎರಡನೆಯದು ಆಡುವವರಿಗೆ ಏನು ಕಂಡಿತು, ಯಾವಾಗ ಕಾಣುವುದಿಲ್ಲ ಎಂಬುದು. ಮೂರನೆಯದು ಮುಂದೆ ಯಾರೂ ಮುರಿಯಬಾರದ ನಿಯಮ. ಈ ನಿಯಮವನ್ನು ಕೋಡಿನಲ್ಲೂ ಆ ಸಾಲಿನ ಪಕ್ಕ ಒಂದು ಟಿಪ್ಪಣಿಯಾಗಿ ಬರೆದರೆ ಇನ್ನೂ ಒಳ್ಳೆಯದು. ನಾಲ್ಕನೆಯದು ಕೈಬಿಟ್ಟ ದಾರಿ ಮತ್ತು ಅದನ್ನು ಬಿಟ್ಟ ಕಾರಣ. ಐದನೆಯದು ಈ ಕಮಿಟ್ ಏನನ್ನು ಮಾಡಿಲ್ಲ ಎಂಬುದು. ಯಾರು ಬರೆದರು, ಯಾವ ದಿನ, ಯಾವ ಫೈಲ್ ಎಂಬುದನ್ನು ಗಿಟ್ ತಾನೇ ಇಟ್ಟುಕೊಳ್ಳುತ್ತದೆ. ಅದಕ್ಕೆ ಮೆಸೇಜ್‌ನಲ್ಲಿ ಜಾಗ ಬೇಡ.

ಜೊತೆಗಿನ ಪುಟ್ಟ ವಿವರಣೆ

ಕಮಿಟ್ ಮೆಸೇಜ್ ಓದುವುದು ಕೋಡ್ ಬರೆಯುವವರು. ತಂಡದಲ್ಲಿ ಉಳಿದವರೂ ಇದ್ದಾರೆ. ಆಟವನ್ನು ಪರೀಕ್ಷಿಸುವವರು, ಆಡುವವರ ದೂರಿಗೆ ಉತ್ತರ ಬರೆಯುವವರು, ಹೊಸ ಕಾರ್ಡ್ ರೂಪಿಸುವವರು. ಅವರಿಗೆ `await` ಬೇಕಿಲ್ಲ. ಅವರಿಗಾಗಿ ಬರೆಯುವ ವಿವರಣೆ ಹೀಗಿದ್ದರೆ ಸಾಕು:

‘ನೆಟ್‌ವರ್ಕ್ ನಿಧಾನವಿದ್ದಾಗ, ಒಂದು ಕಾರ್ಡ್ ಆ ಫೋನಿನಲ್ಲಿ ಮೊದಲ ಸಲ ಆಟಕ್ಕೆ ಬಂದರೆ, ಹಿಂದೆಯೇ ಬಂದ ಇನ್ನೊಂದು ಕಾರ್ಡಿನ ಪರಿಣಾಮ ಅದಕ್ಕಿಂತ ಮೊದಲು ಜಾರಿಯಾಗುವ ಸಾಧ್ಯತೆ ಇತ್ತು. ಎರಡು ಫೋನಿನಲ್ಲಿ ಎರಡು ಫಲಿತಾಂಶ ಬಂತೆಂಬ ದೂರುಗಳಿಗೆ ಇದು ಕಾರಣವಾಗಿರಬಹುದು. ಈಗ ಒಂದು ಪೂರ್ತಿ ಮುಗಿದ ಮೇಲೆಯೇ ಇನ್ನೊಂದು ಶುರುವಾಗುತ್ತದೆ. ಪರೀಕ್ಷಿಸುವವರು ಸಂಗ್ರಹವಾದ ಚಿತ್ರಗಳನ್ನು ಅಳಿಸಿ, ಬ್ರೌಸರ್‌ನಲ್ಲಿ ನೆಟ್‌ವರ್ಕ್ ವೇಗ ತಗ್ಗಿಸಿ ಆಡಿ ನೋಡಿ. ಈಗಾಗಲೇ ಮುಗಿದ ಆಟಗಳ ಫಲಿತಾಂಶ ಬದಲಾಗುವುದಿಲ್ಲ.’

‘ಕಾರಣವಾಗಿರಬಹುದು’ ಎಂಬ ಪದವನ್ನು ಗಮನಿಸಿ. ಎರಡು ಫೋನಿನ ಲೆಕ್ಕ ಬೇರೆಯಾಗಲು ಬೇರೆ ಕಾರಣಗಳೂ ಇರುತ್ತವೆ. ನೆಟ್‌ವರ್ಕ್ ಕಡಿದು ಒಂದು ಸಂದೇಶ ತಪ್ಪಿಹೋಗಬಹುದು, ಒಂದು ಫೋನಿನಲ್ಲಿ ಆಟದ ಹಳೆಯ ಆವೃತ್ತಿ ಇರಬಹುದು. ಯಾವ ದೂರಿನ ಲಾಗ್‌ನಲ್ಲಿ ಒಂದು ಮುಗಿಯದೆ ಇನ್ನೊಂದು ಶುರುವಾದದ್ದು ಕಂಡಿದೆಯೋ ಆ ದೂರನ್ನು ಮಾತ್ರ ಬಗೆಹರಿದದ್ದು ಎಂದು ಗುರುತಿಸಬೇಕು. ಉಳಿದವನ್ನು ತೆರೆದೇ ಇಡಬೇಕು.

ಈ ತಿದ್ದುಪಡಿಗೂ ಮಿತಿಯಿದೆ. ಚಿತ್ರ ಇಳಿಯದೆ ಹೋದರೆ ಆಟ ಕಲ್ಲಾಗುವುದಿಲ್ಲ ನಿಜ, ಆದರೆ ಕ್ಯೂನಲ್ಲಿ ಕಾಯುತ್ತಿರುವ ಪರಿಣಾಮ ಮುಂದಿನ ಪರಿಣಾಮ ಬರುವವರೆಗೆ ಅಲ್ಲೇ ಕೂತಿರುತ್ತದೆ. ಲೆಕ್ಕವನ್ನು ಫೋನುಗಳೇ ಮಾಡುತ್ತಿರುವವರೆಗೆ ಎರಡು ಫೋನು ಒಂದೇ ಮಾತು ಹೇಳುತ್ತವೆ ಎಂಬ ಪೂರ್ತಿ ಭರವಸೆಯೂ ಇಲ್ಲ. ಪ್ರತಿ ಸರದಿಯ ಕೊನೆಗೆ ಎರಡೂ ಕಡೆಯ ಜೀವ, ಕಾರ್ಡುಗಳ ಲೆಕ್ಕವನ್ನು ತಾಳೆ ನೋಡುವ ಏರ್ಪಾಡು ಬೇಕು. ಹಣ ಅಥವಾ ಶ್ರೇಯಾಂಕ ಪಣಕ್ಕಿರುವ ಆಟವಾದರೆ ಕೊನೆಯ ಲೆಕ್ಕ ಸರ್ವರ್‌ನದ್ದೇ ಆಗಿರಬೇಕು, ಫೋನು ಅದನ್ನು ತೋರಿಸಿದರೆ ಸಾಕು.

ಇವೆಲ್ಲ ಮುಂದಿನ ಕಮಿಟ್‌ಗಳ ಕೆಲಸ. ಈ ಕಮಿಟ್ ಮಟ್ಟಿಗೆ ಅಳತೆಗೋಲು ಒಂದೇ. ಕೋಡನ್ನು ಮೊದಲ ಸಲ ನೋಡುವವರು ಮೆಸೇಜ್ ಓದಿದ ಮೇಲೆ, `running = true` ಸಾಲನ್ನು ಕೆಳಗಿಳಿಸಿದರೆ ಏನಾಗುತ್ತದೆ ಎಂದು ತಾವೇ ಹೇಳಬಲ್ಲವರಾಗಬೇಕು. ಹೇಳಲಾಗದಿದ್ದರೆ ದೋಷ ಹೋಗಿರಬಹುದು, ಆದರೆ ಅದು ಮರಳಿ ಬರುವ ದಾರಿ ಮುಚ್ಚಿಲ್ಲ.